ಊರಿನ ಪದವಿ, ಹೊರದೇಶದ ತಕ್ಕಡಿ

ಮೈಸೂರು ವಿಶ್ವವಿದ್ಯಾಲಯದ ಮೂರು ವರ್ಷದ ಬಿ.ಕಾಂ. ಪದವಿಯನ್ನು ಕೆನಡಾದ ವಲಸೆ ಅರ್ಜಿಯ ಜೊತೆ ಇಟ್ಟರೆ ಅದನ್ನು ಮೂರು ವರ್ಷದ ಬ್ಯಾಚುಲರ್ ಪದವಿ ಎಂದೇ ಎಣಿಸಿ ಅಂಕ ಕೊಡುತ್ತಾರೆ. ಅದೇ ಪದವಿ ಅಮೆರಿಕದ ಗ್ರೀನ್ ಕಾರ್ಡಿನ ಎರಡನೇ ಉದ್ಯೋಗ ವರ್ಗಕ್ಕೆ ಹೋದರೆ ಅಲ್ಲಿನ ವಲಸೆ ಇಲಾಖೆ ಸಾಲದು ಎನ್ನುತ್ತದೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳಿಗೆ ಎಂ.ಬಿ.ಎ. ಓದಲು ಅರ್ಜಿ ಹಾಕಿದರೆ ಒಂದು ಒಪ್ಪಬಹುದು, ಇನ್ನೊಂದು ನಾಲ್ಕನೇ ವರ್ಷ ಎಲ್ಲಿ ಎಂದು ಕೇಳಬಹುದು. ಪದವಿ ಒಂದೇ, ಓದಿದವರೂ ಒಬ್ಬರೇ. ಕೇಳುವವರು ಬದಲಾದಂತೆ ಉತ್ತರ ಬದಲಾಗುತ್ತದೆ.

ಇದಕ್ಕೆ ಮುಖ್ಯ ಕಾರಣ, ಅಮೆರಿಕದಲ್ಲಿ ಪರದೇಶದ ಪದವಿಗೆ ಎಲ್ಲರೂ ಒಪ್ಪಲೇಬೇಕಾದ ಮುದ್ರೆ ಹಾಕುವ ಸರ್ಕಾರಿ ಕಚೇರಿ ಇಲ್ಲ. ವಿಶ್ವವಿದ್ಯಾಲಯ ತನಗೆ ಬೇಕಾದಂತೆ ತೀರ್ಮಾನಿಸುತ್ತದೆ, ಉದ್ಯೋಗ ಕೊಡುವವರು ಅವರಿಗೆ ಬೇಕಾದಂತೆ, ವೃತ್ತಿ ಪರವಾನಗಿ ಮಂಡಳಿ ತನ್ನ ನಿಯಮದಂತೆ. ಇವರೆಲ್ಲರಿಗೂ ಬೆಳಗಾವಿ ಅಥವಾ ಧಾರವಾಡದ ಅಂಕಪಟ್ಟಿ ಓದಿ ಅರ್ಥ ಹೇಳುವವರು ಬೇಕು. ಆ ಕೆಲಸಕ್ಕೆ ಹುಟ್ಟಿಕೊಂಡವು ಪದವಿ ಮೌಲ್ಯಮಾಪನ ಸಂಸ್ಥೆಗಳು. 1974ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವರ್ಲ್ಡ್ ಎಜುಕೇಶನ್ ಸರ್ವೀಸಸ್, ಎಲ್ಲರ ಬಾಯಲ್ಲಿ ವೆಸ್, ಇವುಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತ. ಇಂಥ ಸಂಸ್ಥೆಗಳ ಒಕ್ಕೂಟವಾದ ನೇಸಸ್ 1987ರಲ್ಲಿ ಹುಟ್ಟಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಇದರ ಸದಸ್ಯ ಸಂಸ್ಥೆಯ ವರದಿ ಇದ್ದರೆ ಮಾತ್ರ ಅರ್ಜಿ ಮುಟ್ಟುತ್ತವೆ.

ಕೆನಡಾ ಈ ವಿಷಯದಲ್ಲಿ ಸ್ವಲ್ಪ ನೇರ. ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ ಕಾಯಂ ವಾಸಕ್ಕೆ ಹೋಗುವವರು ಹೊರದೇಶದ ಓದಿಗೆ ಅಂಕ ಬೇಕೆಂದರೆ ಇ.ಸಿ.ಎ. ಎಂಬ ಶೈಕ್ಷಣಿಕ ಮೌಲ್ಯಮಾಪನ ವರದಿ ಕೊಡಬೇಕು. ಅದನ್ನು ಕೊಡಬಲ್ಲ ಸಂಸ್ಥೆಗಳನ್ನು ಅಲ್ಲಿನ ವಲಸೆ ಇಲಾಖೆಯೇ ಹೆಸರಿಸಿದೆ. ವೆಸ್ ಅವುಗಳಲ್ಲೊಂದು, ಟೊರಾಂಟೊ ವಿಶ್ವವಿದ್ಯಾಲಯದ ವಿಭಾಗವೊಂದು ಮತ್ತೊಂದು. ವೈದ್ಯರು ಇವುಗಳ ಬದಲು ಮೆಡಿಕಲ್ ಕೌನ್ಸಿಲ್ ಆಫ್ ಕೆನಡಾಕ್ಕೆ ಹೋಗಬೇಕು.

ಮೌಲ್ಯಮಾಪಕರು ಅಭ್ಯರ್ಥಿಯ ಜಾಣತನವನ್ನು ಅಳೆಯುವುದಿಲ್ಲ, ಪರೀಕ್ಷೆ ನಡೆಸುವುದಿಲ್ಲ, ಸಂದರ್ಶನವೂ ಇಲ್ಲ. ಅವರು ನೋಡುವುದು ಕಾಗದಗಳನ್ನು ಮಾತ್ರ. ಪದವಿ ಕೊಟ್ಟ ಸಂಸ್ಥೆಗೆ ಆ ವರ್ಷದಲ್ಲಿ ಮಾನ್ಯತೆ ಇತ್ತೇ? ಈ ಕಾಗದ ನಿಜವಾಗಿ ಅಲ್ಲಿಂದಲೇ ಬಂತೇ? ಸೇರಲು ಏನು ಓದಿರಬೇಕಿತ್ತು, ಮುಗಿಸಲು ಎಷ್ಟು ವರ್ಷ ಬೇಕು? ಪಡೆದ ಅಂಕ ಅಲ್ಲಿನ ಲೆಕ್ಕದಲ್ಲಿ ಯಾವ ದರ್ಜೆ? ಕೇಳುವ ಪ್ರತಿಯೊಂದು ದಾಖಲೆಯೂ ಇವುಗಳಲ್ಲೊಂದು ಪ್ರಶ್ನೆಗೆ ಉತ್ತರ. ಇದು ತಿಳಿದಿದ್ದರೆ ಯಾವ ಕಾಗದ ಏಕೆ ಬೇಕು, ಯಾವುದಿಲ್ಲದೆ ಕಡತ ನಿಂತುಹೋಗುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ.

ಎರಡನೆಯ ಪ್ರಶ್ನೆಯೇ ನಮ್ಮವರನ್ನು ಹೆಚ್ಚು ಸುಸ್ತು ಮಾಡುವುದು. ಪ್ರತಿ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಮನೆಯ ಬೀರುವಿನಲ್ಲಿ ಭದ್ರವಾಗಿರುತ್ತದೆ, ಲ್ಯಾಮಿನೇಶನ್ ಕೂಡ ಆಗಿರುತ್ತದೆ. ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದರೆ ಯಾಕೆ ಸಾಲದು ಎಂಬುದು ಎಲ್ಲರ ಪ್ರಶ್ನೆ. ಅಭ್ಯರ್ಥಿಯ ಕೈಯಿಂದ ಬಂದ ಕಾಗದ ತಿದ್ದಿದ್ದೂ ಆಗಿರಬಹುದು ಎಂಬುದು ಮೌಲ್ಯಮಾಪಕರ ಮೊದಲ ಎಣಿಕೆ. ಆದ್ದರಿಂದ ಅಂಕಗಳ ದಾಖಲೆ, ಅಂದರೆ ಟ್ರಾನ್ಸ್‌ಕ್ರಿಪ್ಟ್, ವಿಶ್ವವಿದ್ಯಾಲಯದಿಂದ ನೇರವಾಗಿ ಅವರಿಗೇ ಹೋಗಬೇಕು. ಕಾಗದವಾದರೆ ಅಂಟಿಸಿದ ಲಕೋಟೆಯಲ್ಲಿ, ಮಡಚಿದ ಅಂಚಿನ ಮೇಲೆ ಅಧಿಕಾರಿಯ ಸಹಿ ಮತ್ತು ಮೊಹರು ಬಿದ್ದು ಹೋಗಬೇಕು. ಆನ್‌ಲೈನ್ ಆದರೆ ಸಂಸ್ಥೆಯ ಅಧಿಕೃತ ವ್ಯವಸ್ಥೆಯ ಮೂಲಕ ಹೋಗಬೇಕು.

ಇಲ್ಲಿ ಕರ್ನಾಟಕದವರು ಗಮನಿಸಬೇಕಾದ ಒಂದು ಮಾತಿದೆ. ಓದಿದ್ದು ಕಾಲೇಜಿನಲ್ಲಿ, ಆದರೆ ಪದವಿ ಕೊಟ್ಟಿದ್ದು ವಿಶ್ವವಿದ್ಯಾಲಯ. ಪ್ರಾಂಶುಪಾಲರು ಎಷ್ಟೇ ಅಕ್ಕರೆಯಿಂದ ಸಹಿ ಹಾಕಿದರೂ ಸಂಯೋಜಿತ ಕಾಲೇಜಿನ ಮೊಹರನ್ನು ಮೌಲ್ಯಮಾಪಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರಿಗೆ ಬೇಕಾದ್ದು ಪರೀಕ್ಷೆ ನಡೆಸಿದವರ ಸಹಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದು ಕುಲಸಚಿವರು, ಮೌಲ್ಯಮಾಪನ ಅವರ ಕಚೇರಿ. ಹಳೆಯ ಪದವಿಯಾದರೆ ಯಾವ ವಿಶ್ವವಿದ್ಯಾಲಯ ಎಂಬುದನ್ನೂ ಸರಿಯಾಗಿ ನೋಡಿಕೊಳ್ಳಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಎಂಜಿನಿಯರಿಂಗ್ ಮುಗಿಸಿದವರ ದಾಖಲೆ ಬೆಂಗಳೂರು, ಮೈಸೂರು, ಕರ್ನಾಟಕ, ಗುಲ್ಬರ್ಗ ಮೊದಲಾದ ವಿಶ್ವವಿದ್ಯಾಲಯಗಳಲ್ಲಿರುತ್ತದೆ; ಇಂದು ಆ ಕಾಲೇಜು ವಿ.ಟಿ.ಯು.ಗೆ ಸೇರಿದೆ ಎಂದು ಬೆಳಗಾವಿಗೆ ಬರೆದು ಪ್ರಯೋಜನವಿಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದ ಮೇಲೂ ಇದೇ ಗೊಂದಲ. ಪದವಿ ಪ್ರಮಾಣಪತ್ರದ ತಲೆಯಲ್ಲಿ ಯಾವ ಹೆಸರಿದೆಯೋ ಅಲ್ಲಿಗೇ ಹೋಗಬೇಕು.

ಉಳಿದ ದಾಖಲೆಗಳು ಸರಳ. ಪದವಿ ಪ್ರಮಾಣಪತ್ರ, ಅಂದರೆ ಘಟಿಕೋತ್ಸವದಲ್ಲಿ ಕೊಡುವ ಕಾನ್ವೊಕೇಶನ್ ಸರ್ಟಿಫಿಕೇಟಿನ ಸ್ಪಷ್ಟ ಪ್ರತಿಯನ್ನು ವೆಸ್‌ಗೆ ಅಭ್ಯರ್ಥಿಯೇ ಅಪ್‌ಲೋಡ್ ಮಾಡಬಹುದು. ಪಿಎಚ್.ಡಿ. ಆಗಿದ್ದರೆ ಪದವಿ ಪ್ರದಾನವಾಗಿದೆ ಎಂದು ವಿಶ್ವವಿದ್ಯಾಲಯವೇ ಬರೆದ ಪತ್ರ ನೇರವಾಗಿ ಹೋಗಬೇಕು. ದಾಖಲೆ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದ ಬೇಕು; ನಮ್ಮ ವಿಶ್ವವಿದ್ಯಾಲಯಗಳ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಕನ್ನಡದ ಜೊತೆ ಇಂಗ್ಲಿಷೂ ಅಚ್ಚಾಗಿರುವುದರಿಂದ ಆ ಖರ್ಚು ಉಳಿಯುತ್ತದೆ. ಮೂಲ ಪ್ರಮಾಣಪತ್ರವನ್ನು ಮಾತ್ರ ಯಾರು ಕೇಳಿದರೂ ಕೊರಿಯರಿನಲ್ಲಿ ಹಾಕಬಾರದು. ಕಳೆದುಹೋದರೆ ಎರಡನೇ ಪ್ರತಿ ಪಡೆಯುವ ಹೊತ್ತಿಗೆ ಪ್ರವೇಶದ ಗಡುವು ಕಳೆದಿರುತ್ತದೆ.

ಪಾಲಿಟೆಕ್ನಿಕ್‌ನಿಂದ ಬಿ.ಇ.ಗೆ ಬಂದವರ ಕಡತವನ್ನು ಒಮ್ಮೆ ಪೂರ್ತಿ ಬಿಡಿಸಿ ನೋಡಿದರೆ ಈ ವ್ಯವಸ್ಥೆಯ ಒಳಗು ಚೆನ್ನಾಗಿ ಕಾಣುತ್ತದೆ. ಹುಬ್ಬಳ್ಳಿಯ ಯುವಕನೊಬ್ಬ ಎಸ್.ಎಸ್.ಎಲ್.ಸಿ. ಮುಗಿಸಿ ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ, ಡಿಪ್ಲೊಮಾ ಸಿ.ಇ.ಟಿ. ಬರೆದು ವಿ.ಟಿ.ಯು. ಕಾಲೇಜಿಗೆ ನೇರ ಎರಡನೇ ವರ್ಷಕ್ಕೆ ಸೇರಿದ, 2015ರಲ್ಲಿ ಬಿ.ಇ. ಮುಗಿಸಿದ ಎಂದಿಟ್ಟುಕೊಳ್ಳೋಣ. ಈಗ ಕೆನಡಾಕ್ಕೆ ಅರ್ಜಿ ಹಾಕಬೇಕು.

ಅವನ ಮೊದಲ ಕೆಲಸ ಬೆಳಗಾವಿಗೆ ಓಡುವುದಲ್ಲ, ವೆಸ್‌ನಲ್ಲಿ ಖಾತೆ ತೆರೆಯುವುದು. ಹಣ ಕಟ್ಟಿದ ಮೇಲೆ ಅವನಿಗೊಂದು ರೆಫರೆನ್ಸ್ ಸಂಖ್ಯೆ ಸಿಗುತ್ತದೆ. ಮುಂದೆ ಹೋಗುವ ಪ್ರತಿ ಲಕೋಟೆಯ ಮೇಲೂ ಆ ಸಂಖ್ಯೆ ಇರಬೇಕು. ಅದಿಲ್ಲದ ಲಕೋಟೆ ವೆಸ್ ಕಚೇರಿ ತಲುಪಿದರೂ ಯಾರ ಕಡತಕ್ಕೆ ಸೇರಿಸಬೇಕೆಂದು ಅಲ್ಲಿಯವರಿಗೆ ತಿಳಿಯುವುದಿಲ್ಲ. ಖಾತೆಯಲ್ಲೇ ಒಂದು ನಮೂನೆ ಸಿಗುತ್ತದೆ. ಅದರ ಮೇಲ್ಭಾಗವನ್ನು ಅವನು ತುಂಬುತ್ತಾನೆ: ಹೆಸರು, ಹುಟ್ಟಿದ ದಿನ, ನೋಂದಣಿ ಸಂಖ್ಯೆ, ಅಂದರೆ ಯು.ಎಸ್.ಎನ್. ಕೆಳಭಾಗವನ್ನು ವಿಶ್ವವಿದ್ಯಾಲಯ ತುಂಬಿ, ಸಹಿ ಮಾಡಿ, ಟ್ರಾನ್ಸ್‌ಕ್ರಿಪ್ಟಿನ ಜೊತೆ ಅದೇ ಲಕೋಟೆಯಲ್ಲಿ ಇಡಬೇಕು. ಟ್ರಾನ್ಸ್‌ಕ್ರಿಪ್ಟ್ ಸರಿಯಾಗಿದ್ದು ಈ ನಮೂನೆ ಒಳಗೆ ಬೀಳದೆ ಕಡತ ನಿಂತ ಉದಾಹರಣೆಗಳಿಗೆ ಕೊರತೆಯಿಲ್ಲ. ಆದ್ದರಿಂದ ಅರ್ಜಿ ಕೊಡುವಾಗಲೇ ನಮೂನೆಯನ್ನು ಪಿನ್ ಮಾಡಿ, ಕೌಂಟರಿನಲ್ಲಿರುವವರಿಗೆ ಬಾಯಿಬಿಟ್ಟು ಹೇಳುವುದು ಕ್ಷೇಮ.

ವಿ.ಟಿ.ಯು. ಟ್ರಾನ್ಸ್‌ಕ್ರಿಪ್ಟ್ ಹೋಯಿತು. ಮೌಲ್ಯಮಾಪಕ ಅದನ್ನು ಬಿಡಿಸಿದಾಗ ಕಾಣುವುದು ಮೂರನೇ ಸೆಮಿಸ್ಟರಿನಿಂದ ಎಂಟನೇ ಸೆಮಿಸ್ಟರಿನವರೆಗಿನ ಅಂಕಗಳು. ಮೊದಲ ಎರಡು ಸೆಮಿಸ್ಟರ್ ಇಲ್ಲವೇ ಇಲ್ಲ. ಭಾರತದ ಬಿ.ಇ. ನಾಲ್ಕು ವರ್ಷದ್ದು ಎಂದು ಅವನಿಗೆ ಗೊತ್ತು, ಇಲ್ಲಿರುವುದು ಮೂರು ವರ್ಷದ ಲೆಕ್ಕ. ಉಳಿದ ಒಂದು ವರ್ಷದ ಉತ್ತರ ಡಿಪ್ಲೊಮಾದಲ್ಲಿದೆ, ಆದರೆ ಅದು ವಿ.ಟಿ.ಯು. ಬಳಿ ಇಲ್ಲ. ಡಿಪ್ಲೊಮಾ ಕೊಟ್ಟದ್ದು ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷಾ ಮಂಡಳಿ, ಅದರ ಕಚೇರಿ ಬೆಂಗಳೂರಿನಲ್ಲಿ. ಹಾಗಾಗಿ ಈ ಹುಡುಗನಿಗೆ ಎರಡು ಲಕೋಟೆ ಬೇಕು, ಎರಡು ಊರಿನಿಂದ, ಎರಡರ ಮೇಲೂ ಅದೇ ರೆಫರೆನ್ಸ್ ಸಂಖ್ಯೆ. ಡಿಪ್ಲೊಮಾ ಚಿಕ್ಕ ಓದು, ಬಿ.ಇ. ದೊಡ್ಡದು, ಚಿಕ್ಕದನ್ನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ನೇರ ಎರಡನೇ ವರ್ಷಕ್ಕೆ ಸೇರಿದವರು ಡಿಪ್ಲೊಮಾವನ್ನೂ ಮೊದಲ ದಿನವೇ ಅರ್ಜಿಯಲ್ಲಿ ತೋರಿಸಿ, ಎರಡೂ ಕಡೆ ಒಂದೇ ವಾರದಲ್ಲಿ ಟ್ರಾನ್ಸ್‌ಕ್ರಿಪ್ಟಿಗೆ ಹಣ ಕಟ್ಟಬೇಕು.

ನಾಲ್ಕನೇ ಸೆಮಿಸ್ಟರಿನಲ್ಲಿ ಒಂದು ವಿಷಯ ಬ್ಯಾಕ್ ಉಳಿದು ಮರುವರ್ಷ ಪಾಸಾಗಿದ್ದರೆ ಅದನ್ನು ಮುಚ್ಚಿಡುವ ಆಸೆ ಸಹಜ. ಮುಚ್ಚಿಡುವ ಅಗತ್ಯವೇ ಇಲ್ಲ. ಕೊನೆಗೆ ಪಾಸಾಗಿದ್ದು ದಾಖಲೆಯಲ್ಲಿದ್ದರೆ ಪದವಿಯ ತತ್ಸಮಾನತೆಗೆ ಧಕ್ಕೆಯಿಲ್ಲ. ತೊಂದರೆಯಾಗುವುದು ಫೇಲಾದ ಹಾಳೆ ಬಿಟ್ಟು ಪಾಸಾದ ಹಾಳೆಯನ್ನಷ್ಟೇ ಸೇರಿಸಿ, ವರ್ಷಗಳ ಲೆಕ್ಕ ಕೂಡದೆ ಹೋದಾಗ.

ಅಂಕಗಳ ವಿಷಯದಲ್ಲಿ ಅನೇಕರಿಗೆ ಅನಗತ್ಯ ಅಂಜಿಕೆಯಿದೆ. ಅಮೆರಿಕದ ಶಾಲೆ ಕಾಲೇಜುಗಳಲ್ಲಿ 65 ಎಂದರೆ ಅಂಚಿನಲ್ಲಿ ಪಾಸು. ನಮ್ಮಲ್ಲಿ 65 ಎಂದರೆ ಪ್ರಥಮ ದರ್ಜೆ. ಭಾರತದ ಅಂಕ ಬಿಗಿ ಎಂಬುದು ಅನುಭವಿ ಮೌಲ್ಯಮಾಪಕರಿಗೆ ತಿಳಿದಿದೆ. ಅವರು ಶೇಕಡಾವಾರನ್ನು ಹಾಗೇ ಎತ್ತಿಕೊಳ್ಳುವುದಿಲ್ಲ, ದರ್ಜೆಯನ್ನು ನೋಡಿ ಅಲ್ಲಿನ ಶ್ರೇಣಿಗೆ ಹೊಂದಿಸುತ್ತಾರೆ. ಹೀಗಾಗಿ ಪ್ರಥಮ ದರ್ಜೆಯ ಅಂಕ ಸಾಮಾನ್ಯವಾಗಿ ಅಲ್ಲಿನ ಎ ಶ್ರೇಣಿಯಾಗಿ ಬರುತ್ತದೆ. ಈ ಲೆಕ್ಕ ಸರಿಯಾಗಬೇಕಾದರೆ ಎಷ್ಟು ಅಂಕಕ್ಕೆ ಯಾವ ದರ್ಜೆ ಎಂಬ ಕೋಷ್ಟಕ ಟ್ರಾನ್ಸ್‌ಕ್ರಿಪ್ಟಿನ ಮೇಲೆಯೇ ಇರಬೇಕು. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಉನ್ನತ ಓದಿಗೆ ಹೋಗುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವರದಿಯಲ್ಲಿ ಎರಡು ಬಗೆಯಿದೆ. ಪದವಿ ಯಾವುದಕ್ಕೆ ಸಮ ಎಂದಷ್ಟೇ ಹೇಳುವುದು ಒಂದು, ಪ್ರತಿ ವಿಷಯಕ್ಕೂ ಕ್ರೆಡಿಟ್ ಮತ್ತು ಶ್ರೇಣಿ ಬರೆದು ಒಟ್ಟು ಜಿ.ಪಿ.ಎ. ಕೊಡುವುದು ಇನ್ನೊಂದು. ಕೆಲಸಕ್ಕೆ ಅನೇಕ ಕಡೆ ಮೊದಲನೆಯದು ಸಾಕು. ವಿಶ್ವವಿದ್ಯಾಲಯಗಳು, ಲೆಕ್ಕಪರಿಶೋಧಕರ ಸಿ.ಪಿ.ಎ. ಮಂಡಳಿಗಳಂಥವು ಎರಡನೆಯದನ್ನು ಕೇಳುತ್ತವೆ. ಅಗ್ಗದ್ದೆಂದು ಮೊದಲನೆಯದನ್ನು ಮಾಡಿಸಿದವರು ಮತ್ತೆ ಹಣ ಕಟ್ಟಬೇಕಾಗುತ್ತದೆ.

ಈಗ ಮತ್ತೆ ಮೂರು ವರ್ಷದ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಪ್ರಶ್ನೆಗೆ ಬರೋಣ. ಕರ್ನಾಟಕದ ಲಕ್ಷಾಂತರ ಪದವೀಧರರ ಕೈಯಲ್ಲಿರುವುದು ಇದೇ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. ಅಮೆರಿಕದ ಬ್ಯಾಚುಲರ್ ಪದವಿ ನಾಲ್ಕು ವರ್ಷದ್ದು. 1977ರಲ್ಲಿ ಶಾ ಎಂಬ ಅರ್ಜಿದಾರರ ಪ್ರಕರಣದಲ್ಲಿ ಅಲ್ಲಿನ ವಲಸೆ ಇಲಾಖೆ, ಭಾರತದ ಮೂರು ವರ್ಷದ ಬಿ.ಎಸ್‌ಸಿ. ತಮ್ಮ ನಾಲ್ಕು ವರ್ಷದ ಪದವಿಗೆ ಸಮವಲ್ಲ ಎಂದು ತೀರ್ಪು ಕೊಟ್ಟಿತು. ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ ಆ ತೀರ್ಪಿನ ನೆರಳು ಇಂದಿಗೂ ಇದೆ. ಎಚ್-1ಬಿ ವೀಸಾದಲ್ಲಿ ಮಾತ್ರ ಒಂದು ದಾರಿ ಬಿಟ್ಟಿದ್ದಾರೆ: ಕೊರತೆ ಬಿದ್ದ ಒಂದು ವರ್ಷದ ಓದಿಗೆ ಮೂರು ವರ್ಷದ ಸಂಬಂಧಪಟ್ಟ ಕೆಲಸದ ಅನುಭವವನ್ನು ಎಣಿಸಿಕೊಳ್ಳಬಹುದು. ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ಅಮೆರಿಕಕ್ಕೆ ಹೋದವರಿಗೆ ನೆರವಾಗುವ ನಿಯಮ ಇದು. ಆದರೆ ಪದವಿ ಮೌಲ್ಯಮಾಪನ ಸಂಸ್ಥೆ ಓದನ್ನು ಮಾತ್ರ ತೂಗಬಹುದು, ಅನುಭವವನ್ನಲ್ಲ. ಅನುಭವಕ್ಕೆ ಕ್ರೆಡಿಟ್ ಕೊಡುವ ಅಧಿಕಾರವಿರುವ ಅಮೆರಿಕದ ಕಾಲೇಜಿನ ಅಧಿಕಾರಿ ಬರೆದುಕೊಟ್ಟರೆ ಅದಕ್ಕೆ ಬೆಲೆ. ಅದಕ್ಕೆ ಬೇಕಾದ ಕಾಗದವೂ ಬೇರೆ: ಹಳೆಯ ಕಂಪನಿಗಳಿಂದ, ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಕೆಲಸ ಮಾಡಿದರು ಎಂದು ವಿವರವಾಗಿ ಬರೆದ ಅನುಭವ ಪತ್ರಗಳು. ಕೆಲಸ ಬಿಡುವಾಗ ಸಿಗುವ ಎರಡು ಸಾಲಿನ ರಿಲೀವಿಂಗ್ ಲೆಟರ್ ಇದಕ್ಕೆ ಸಾಲದು.

ಕೆನಡಾದ ಲೆಕ್ಕ ಹೆಚ್ಚು ಉದಾರ. ಸಂಗಾತಿ ಜೊತೆಯಿಲ್ಲದೆ ಅರ್ಜಿ ಹಾಕುವವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಮೂರು ವರ್ಷ ಅಥವಾ ಹೆಚ್ಚಿನ ಒಂದು ಪದವಿಗೆ 120 ಅಂಕ. ಎರಡು ಅರ್ಹತೆಗಳಿದ್ದು ಅವುಗಳಲ್ಲೊಂದು ಮೂರು ವರ್ಷದ್ದಾದರೆ 128. ಸ್ನಾತಕೋತ್ತರ ಪದವಿಗೆ 135. ಹಾಗಾಗಿ ಬಿ.ಕಾಂ. ಮೇಲೆ ಎಂ.ಕಾಂ. ಮಾಡಿದ ಮಹಿಳೆ ಎಂ.ಕಾಂ. ಒಂದನ್ನೇ ಮೌಲ್ಯಮಾಪನಕ್ಕೆ ಕಳಿಸಿದರೆ ಸಾಕೆ ಎಂದರೆ, ಅಲ್ಲ. ಸ್ನಾತಕೋತ್ತರ ಪದವಿಗೆ ಆಧಾರವಾದ ಬಿ.ಕಾಂ. ಯಾವುದೆಂದು ಮೌಲ್ಯಮಾಪಕರಿಗೆ ತಿಳಿಯಬೇಕು. ಎರಡೂ ಬೇರೆ ಬೇರೆ ವಿಶ್ವವಿದ್ಯಾಲಯಗಳದ್ದಾದರೆ ಇಲ್ಲಿಯೂ ಎರಡು ಕಡೆಯಿಂದ ಲಕೋಟೆ ಹೋಗಬೇಕು.

ಈ ನಾಲ್ಕನೇ ವರ್ಷದ ಕಗ್ಗಂಟನ್ನು ಬಿಡಿಸುವ ಅವಕಾಶ ನಮ್ಮ ರಾಜ್ಯಕ್ಕೆ ಒಮ್ಮೆ ಬಂದಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನೀತಿಯ ಒಳಿತು ಕೆಡುಕು ಬೇರೆ ಚರ್ಚೆ. ಆದರೆ ಆ ನಡುವಿನ ವರ್ಷಗಳಲ್ಲಿ ಸೇರಿದವರ ಪದವಿ ಪತ್ರದಲ್ಲಿ ಆನರ್ಸ್ ಎಂದಿದೆಯೇ, ಎಷ್ಟು ಸೆಮಿಸ್ಟರ್ ಎಂದಿದೆಯೇ ಎಂಬುದು ಹೊರದೇಶದಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ನಾಲ್ಕನೇ ವರ್ಷ ಓದಿದವರು ಎಂಟೂ ಸೆಮಿಸ್ಟರು ಒಂದೇ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರುವಂತೆ ನೋಡಿಕೊಳ್ಳಬೇಕು.

ಮಾನ್ಯತೆಯ ಪ್ರಶ್ನೆ ಬಹುತೇಕರಿಗೆ ಏಳುವುದೇ ಇಲ್ಲ, ಎದ್ದರೆ ಮಾತ್ರ ದೊಡ್ಡದಾಗಿ ಏಳುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ಸಿಕ್ಕಿತು. ಹೊರದೇಶದ ಮೌಲ್ಯಮಾಪಕರು ಇಂದು ಮಾನ್ಯತೆ ಇದೆಯೇ ಎಂದು ಮಾತ್ರ ಕೇಳುವುದಿಲ್ಲ, ಓದಿದ ಅವಧಿಯಲ್ಲಿ ಇತ್ತೇ ಎಂದು ಕೇಳುತ್ತಾರೆ. ದೂರಶಿಕ್ಷಣದಲ್ಲಿ ಪದವಿ ಪಡೆದವರು ಹಣ ಕಟ್ಟುವ ಮೊದಲು ತಮ್ಮ ಕೋರ್ಸ್ ಮತ್ತು ವರ್ಷಕ್ಕೆ ಯು.ಜಿ.ಸಿ. ಏನು ಹೇಳಿದೆ ಎಂಬ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಕಡಿಮೆ ಯೋಚನೆಗೆ ಬರುವುದು, ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮಲ್ಲಿ ಮನೆತನದ ಹೆಸರಿಲ್ಲದ ಕುಟುಂಬಗಳೇ ಹೆಚ್ಚು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಸವಿತಾ ಎಚ್.ಎಂ., ಪದವಿಯಲ್ಲಿ ಎಚ್.ಎಂ. ಸವಿತಾ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಮದುವೆಯ ನಂತರ ಗಂಡನ ಹೆಸರು ಸೇರಿಸಿದ್ದು, ಹೀಗೆ ಒಬ್ಬರಿಗೇ ನಾಲ್ಕು ರೂಪ. ಹಾಸನದಲ್ಲಿ ಇದು ಯಾರಿಗೂ ಸಮಸ್ಯೆಯಲ್ಲ. ಟೊರಾಂಟೊದಲ್ಲಿ ಕುಳಿತವರಿಗೆ ಎಚ್ ಎಂದರೆ ಹೊಳೆನರಸೀಪುರ ಎಂದು ಹೊಳೆಯುವುದಿಲ್ಲ. ಮೌಲ್ಯಮಾಪನದ ಖಾತೆಯನ್ನು ಪಾಸ್‌ಪೋರ್ಟಿನ ಹೆಸರಿನಲ್ಲೇ ತೆರೆಯಬೇಕು, ಏಕೆಂದರೆ ವರದಿ ಕೊನೆಗೆ ತಾಳೆಯಾಗಬೇಕಾದ್ದು ಪಾಸ್‌ಪೋರ್ಟಿನ ಜೊತೆ. ಪದವಿಯಲ್ಲಿರುವ ಹೆಸರನ್ನು ಹಿಂದಿನ ಹೆಸರು ಎಂಬ ಜಾಗದಲ್ಲಿ ತುಂಬಬೇಕು. ಮದುವೆಯಿಂದ ಬದಲಾಗಿದ್ದರೆ ವಿವಾಹ ನೋಂದಣಿ ಪತ್ರ, ಇನಿಶಿಯಲ್ ಬಿಡಿಸಿದ್ದಾದರೆ ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಸಿದ್ಧವಿರಲಿ.

ಮೌಲ್ಯಮಾಪನ ವರದಿ ಬಂದ ಮಾತ್ರಕ್ಕೆ ವೃತ್ತಿ ಮಾಡುವ ಅನುಮತಿ ಬಂದಂತಲ್ಲ ಎಂಬುದನ್ನೂ ಹೇಳಬೇಕು. ಬಿ.ಇ.ಗೆ ಸಮಾನತೆ ಸಿಕ್ಕ ಎಂಜಿನಿಯರು ಒಂಟಾರಿಯೊದಲ್ಲಿ ವೃತ್ತಿಪರ ಎಂಜಿನಿಯರ್ ಎಂದು ಬರೆದುಕೊಳ್ಳಲು ಆ ಪ್ರಾಂತ್ಯದ ಮಂಡಳಿಯ ಪರವಾನಗಿ ಪಡೆಯಲೇಬೇಕು. ನರ್ಸುಗಳು, ಶಿಕ್ಷಕರು, ಔಷಧ ತಜ್ಞರಿಗೂ ತಮ್ಮ ತಮ್ಮ ಮಂಡಳಿಗಳಿವೆ, ಅವು ಕೇಳುವ ದಾಖಲೆಗಳೂ ಬೇರೆ. ಆದ್ದರಿಂದ ವರದಿ ಯಾರಿಗೆ ಬೇಕೋ ಅವರನ್ನೇ ಮೊದಲು ಕೇಳಿ, ಅವರು ಒಪ್ಪುವ ಸಂಸ್ಥೆ ಮತ್ತು ವರದಿಯ ಬಗೆಯನ್ನು ಬರಹದಲ್ಲಿ ಪಡೆದುಕೊಂಡು ನಂತರ ಹಣ ಕಟ್ಟಿ.

ಕೆನಡಾಕ್ಕೆ ಹೋಗುವವರು ದಿನಾಂಕವನ್ನೂ ಗುರುತು ಹಾಕಿಕೊಳ್ಳಿ. ಇ.ಸಿ.ಎ. ವರದಿಗೆ ಕೊಟ್ಟ ದಿನದಿಂದ ಐದು ವರ್ಷ ಮಾತ್ರ ಆಯುಷ್ಯ, ಮತ್ತು ಕಾಯಂ ವಾಸದ ಅರ್ಜಿ ಇಲಾಖೆಗೆ ತಲುಪುವ ದಿನವೂ ಅದು ಚಾಲ್ತಿಯಲ್ಲಿರಬೇಕು.